ಮೂರನೆಯ ಮುದ್ದೆ

ಮಗಳನ್ನು ಪುಣೆಯ ಹಾಸ್ಟೆಲಿಗೆ ಸೇರಿಸಿ ಮಂಡ್ಯಕ್ಕೆ ಮರಳಿದ ಮೂರನೆಯ ರಾತ್ರಿ ನನ್ನ ಹೆಂಡತಿ ಮೂರು ಮುದ್ದೆ ಕಟ್ಟಿದಳು. ಎರಡನ್ನು ತಟ್ಟೆಗಳಿಗೆ ಇಟ್ಟು, ಮೂರನೆಯದನ್ನು ಒದ್ದೆ ಅಂಗೈಯಲ್ಲಿ ಉರುಳಿಸುತ್ತಲೇ ನಿಂತುಬಿಟ್ಟಳು. ಹಾಸ್ಟೆಲಿನ ಬಾಗಿಲಲ್ಲಿ ಅಳದವಳು ಆಗ ಅತ್ತಳು.

ಅವಳಿಗೆ ಲೆಕ್ಕ ತಪ್ಪಿರಲಿಲ್ಲ. ಎಸರಿಗೆ ಎಷ್ಟು ನೀರು, ಎಷ್ಟು ಹಿಟ್ಟು ಎಂಬುದನ್ನು ಅವಳ ಕೈ ತಾನೇ ತೀರ್ಮಾನಿಸುತ್ತದೆ. ವರ್ಷಗಟ್ಟಲೆ ಒಂದೇ ರೀತಿ ಮಾಡಿದ ಕೆಲಸವನ್ನು ಮಿದುಳು ತನ್ನ ಆಳದಲ್ಲಿರುವ ಸ್ಟ್ರಯೇಟಮ್ ಎಂಬ ಭಾಗಕ್ಕೆ ಒಪ್ಪಿಸಿಬಿಡುತ್ತದೆ. ಮಗಳು ಊರಲ್ಲಿಲ್ಲ ಎಂಬುದು ನೆನಪಿಗೆ ಗೊತ್ತು, ಕೈಗೆ ಗೊತ್ತಿಲ್ಲ. ನನ್ನ ಪಾಡೂ ಬೇರೆಯಲ್ಲ. ಮಗಳು ಟ್ಯೂಷನ್ ಮುಗಿಸಿ ಸಂಜೆ 5.40ರ ಹೊತ್ತಿಗೆ ಗೇಟಿನ ಚಿಲಕ ತೆಗೆಯುತ್ತಿದ್ದಳು. ಈಗಲೂ ಆ ಹೊತ್ತಿಗೆ ನಾನು ಪತ್ರಿಕೆಯ ಒಂದೇ ಸಾಲನ್ನು ಎರಡೆರಡು ಸಲ ಓದುತ್ತಿರುತ್ತೇನೆ. ಇಪ್ಪತ್ತು ವರ್ಷ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವನಿಗೆ ಇದು ಸ್ವಲ್ಪ ನಾಚಿಕೆಯ ವಿಷಯವೇ.

ಈ ದುಃಖ ಕಾಯಿಲೆಯಲ್ಲ. ಮನೋವೈದ್ಯರ ರೋಗಪಟ್ಟಿಗಳಲ್ಲಿ ಇದಕ್ಕೆ ಸ್ಥಾನವಿಲ್ಲ. ನನಗೆ ಕುತೂಹಲ ಹುಟ್ಟಿಸಿದ್ದು ಇದು ಗಡಿಯಾರ ನೋಡಿಕೊಂಡು ಬರುವ ಬಗೆ. ಬೆಳಗ್ಗೆ ಹನ್ನೊಂದಕ್ಕೆ ಆರಾಮವಾಗಿರುವ ಮನಸ್ಸು 5.40ಕ್ಕೆ ಏಕೆ ಕುಸಿಯಬೇಕು?

ಇದಕ್ಕೊಂದು ಸುಳಿವು ಸ್ವಿಟ್ಜರ್ಲೆಂಡಿನಲ್ಲಿ ವೋಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿದೆ. ಅವರು ಒಂದು ಸೂಚನೆ ಕೊಟ್ಟು, ಸ್ವಲ್ಪ ಹೊತ್ತಿನ ನಂತರ ಮಂಗದ ಬಾಯಿಗೆ ಹಣ್ಣಿನ ರಸದ ಹನಿ ಬೀಳುವಂತೆ ಮಾಡಿದರು. ಮೊದಮೊದಲು ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಸೂಸುವ ನರಕೋಶಗಳು ರಸ ಬಿದ್ದಾಗ ಚುರುಕಾಗುತ್ತಿದ್ದವು. ಪಾಠ ಕಲಿತ ಮೇಲೆ ಸೂಚನೆ ಕಂಡೊಡನೆ ಚುರುಕಾಗತೊಡಗಿದವು. ರಸಕ್ಕೆ ಮಾತ್ರ ಸುಮ್ಮನಿದ್ದವು. ಒಂದು ದಿನ ಸೂಚನೆ ಕೊಟ್ಟು ರಸ ಕೊಡಲಿಲ್ಲ. ರಸ ಬೀಳಬೇಕಿದ್ದ ಸರಿಯಾದ ಕ್ಷಣಕ್ಕೆ ಆ ಕೋಶಗಳ ಮಿಡಿತ ಇಳಿದುಹೋಯಿತು. ಆ ಕ್ಷಣದಲ್ಲಿ ಹೊರಗೆ ಏನೂ ನಡೆದಿರಲಿಲ್ಲ. ನಡೆಯಬೇಕಾದ್ದು ನಡೆಯಲಿಲ್ಲ ಎಂಬುದನ್ನೇ ಮಿದುಳು ಹೊತ್ತು ತಪ್ಪದೆ ದಾಖಲಿಸಿತ್ತು. ಡೋಪಮೈನನ್ನು ಖುಷಿಯ ರಾಸಾಯನಿಕ ಎನ್ನುವುದು ವಾಡಿಕೆ. ಆದರೆ 1997ರಲ್ಲಿ ಶುಲ್ಟ್ಸ್ ಮತ್ತು ಸಂಗಡಿಗರು ವಿವರಿಸಿದಂತೆ, ಈ ಕೋಶಗಳು ಹೇಳುವುದು ನಿರೀಕ್ಷಿಸಿದ್ದಕ್ಕೂ ದೊರೆತದ್ದಕ್ಕೂ ಇರುವ ಅಂತರವನ್ನು.

ಮಂಗದ ರಸದ ಹನಿಗೂ ಮಗಳಿಗೂ ಸಾಟಿಯಿಲ್ಲ, ನಿಜ. ತಾಯಿಯ ದುಃಖ ಒಂದು ರಾಸಾಯನಿಕದಲ್ಲಿ ಮುಗಿಯುವುದೂ ಇಲ್ಲ. ಆದರೆ ಬಾರದ ಸಂಗತಿಗೂ ಒಂದು ಹೊತ್ತು ಇರುತ್ತದೆ ಎಂಬುದನ್ನು ನಮ್ಮ ಮನೆಯ ಗೇಟು ಚೆನ್ನಾಗಿಯೇ ತೋರಿಸಿಕೊಟ್ಟಿತು.

ಒಂದೇ ಮಗುವಿದ್ದ ಮನೆಯಲ್ಲಿ ಪೆಟ್ಟು ಜೋರಾಗಿ ಬೀಳುವುದೂ ಬಹುಶಃ ಇದಕ್ಕೇ. ಮೈಸೂರಿನಲ್ಲಿರುವ ನನ್ನ ತಮ್ಮನ ದೊಡ್ಡ ಮಗ ಓದಲು ಹೊರಟಾಗಲೂ ಅವರ ಮನೆ ಮುಂದೆ ಬೆಳಗ್ಗೆ ಶಾಲೆಯ ವ್ಯಾನು ನಿಲ್ಲುತ್ತಿತ್ತು, ಏಕೆಂದರೆ ಚಿಕ್ಕವಳಿದ್ದಳು. ಡಬ್ಬಿ, ಯೂನಿಫಾರ್ಮ್, ರಾತ್ರಿಯ ಗದರಿಕೆ ಎಲ್ಲವೂ ನಡೆದೇ ಇತ್ತು. ನಮ್ಮಲ್ಲಿ ಎಲ್ಲ ಗಂಟೆಗಳೂ ಒಂದೇ ದಿನ ನಿಂತವು.

ಗೋಡೆಯ ಕ್ಯಾಲೆಂಡರಿನಲ್ಲಿ, ಮನಸ್ಸು ಕುಸಿದಾಗಲೆಲ್ಲ ಹೊತ್ತನ್ನು ಗುರುತು ಹಾಕು ಎಂದು ಹೆಂಡತಿಗೆ ಹೇಳಿದೆ. "ಮನೆಯಲ್ಲೂ ಪ್ರಾಕ್ಟಿಕಲ್ಸ್ ಶುರು ಮಾಡಿದಿರಾ?" ಎಂದು ರೇಗಿದಳು, ಆದರೆ ಪೆನ್ಸಿಲ್ ತೆಗೆದುಕೊಂಡಳು. ಮೂರು ವಾರವಾದಾಗ ಗುರುತುಗಳು ಮೂರೇ ಕಡೆ ಗುಂಪುಗೂಡಿದ್ದವು: ಡಬ್ಬಿ ಕಟ್ಟುತ್ತಿದ್ದ ಬೆಳಗ್ಗೆ ಆರೂವರೆ, ಸಂಜೆಯ ಗೇಟು, ರಾತ್ರಿಯ ಊಟ. ನಡುವಿನ ಹೊತ್ತು ಬಹುಪಾಲು ಖಾಲಿ.

ಅಷ್ಟರಲ್ಲಿ ಮೈಸೂರಿನ ಕುವೆಂಪುನಗರದಿಂದ ಅವಳ ಅಕ್ಕ ಬಂದು, "ಮನೆ ಬದಲಾದರೆ ಸರಿಹೋಗುತ್ತಾಳೆ" ಎಂದು ಒಂದು ವಾರ ಕರೆದುಕೊಂಡು ಹೋದರು. ಅಲ್ಲಿ ಅವಳು ನಿಜಕ್ಕೂ ಚೆನ್ನಾಗಿದ್ದಳು. ವಾಪಸು ಬಂದ ದಿನ ಸಂಜೆ ಚಿಲಕದ ಹೊತ್ತಿಗೆ ಮತ್ತೆ ಮೊದಲ ದಿನದಂತೆಯೇ ಆಯಿತು. ಅಕ್ಕನಿಗೆ ಬೇಸರ. ನನಗೆ ಮಾತ್ರ ರಷ್ಯದ ವಿಜ್ಞಾನಿ ಪಾವ್ಲೋವನ ನಾಯಿಗಳು ನೆನಪಾದವು. ಗಂಟೆ ಬಾರಿಸಿದಾಗಲೆಲ್ಲ ಊಟ ಸಿಕ್ಕು ರೂಢಿಯಾದ ನಾಯಿ ಗಂಟೆಯ ಸದ್ದಿಗೇ ಜೊಲ್ಲು ಸುರಿಸುತ್ತದೆ. ಆಮೇಲೆ ಗಂಟೆ ಬಾರಿಸಿ ಊಟ ಕೊಡದೆ ಹೋದರೆ ಆ ಜೊಲ್ಲು ಕ್ರಮೇಣ ನಿಲ್ಲುತ್ತದೆ, ಆದರೆ ಕೆಲವು ಕಾಲ ಬಿಟ್ಟು ಮತ್ತೆ ಗಂಟೆ ಬಾರಿಸಿದರೆ ಜೊಲ್ಲು ಮರಳುತ್ತದೆ. ಹಳೆಯ ಪಾಠ ಅಳಿಸಿಹೋಗಿರುವುದಿಲ್ಲ. ಅದರ ಮೇಲೆ 'ಈಗ ಬರುವುದಿಲ್ಲ' ಎಂಬ ಹೊಸ ಪಾಠ ಕೂತಿರುತ್ತದೆ. ಮಾರ್ಕ್ ಬೌಟನ್ ಎಂಬ ಮನೋವಿಜ್ಞಾನಿ ಪ್ರಾಣಿಗಳಲ್ಲಿ ಇನ್ನೊಂದು ಅಂಶ ತೋರಿಸಿದರು: ಈ ಹೊಸ ಪಾಠ ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತದೆ. ಬೇರೆ ಕಡೆ ಕಲಿತದ್ದು ಹಳೆಯ ಜಾಗಕ್ಕೆ ಬಂದಾಗ ಕೈಕೊಡುತ್ತದೆ. ಕುವೆಂಪುನಗರದಲ್ಲಿ ನಮ್ಮ ಗೇಟೂ ಇರಲಿಲ್ಲ, ನಮ್ಮ ಮುದ್ದೆಕೋಲೂ ಇರಲಿಲ್ಲ. ಅಲ್ಲಿ ಅವಳಿಗೆ ಕಲಿಯುವುದಕ್ಕೇ ಏನೂ ಇರಲಿಲ್ಲ.

ಹಾಗಾಗಿ ಆಮೇಲೆ ಆ ಹೊತ್ತಿಗೆ ನಾವು ಮನೆಯಲ್ಲೇ ಇರತೊಡಗಿದೆವು, ಗೇಟು ಕಾಣುವ ಜಗಲಿಯಲ್ಲೇ ಕಾಫಿ ಕುಡಿದೆವು. ಬೀಗ ಹಾಕಿದ್ದ ಮಗಳ ಕೋಣೆಯನ್ನು ತೆರೆದು ಇಸ್ತ್ರಿ ಬಟ್ಟೆ ಮಡಚಲು ಬಳಸಿದೆವು. ಮೊದಲ ವಾರ ಇದು ಸುಖದ ಕೆಲಸವಾಗಿರಲಿಲ್ಲ.

ಫೋನಿನದು ಬೇರೆಯೇ ಕತೆ. ಮಗಳು ಬಿಡುವಾದಾಗ ಕರೆಯುತ್ತಿದ್ದಳು. ಒಮ್ಮೆ ಮಧ್ಯಾಹ್ನ, ಒಮ್ಮೆ ರಾತ್ರಿ ಹನ್ನೊಂದಕ್ಕೆ, ಕೆಲವು ದಿನ ಇಲ್ಲವೇ ಇಲ್ಲ. ನನ್ನ ಹೆಂಡತಿ ಸ್ನಾನದ ಮನೆಗೂ ಮೊಬೈಲ್ ಒಯ್ಯತೊಡಗಿದಳು. ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳಲ್ಲಿ ಕಂಡದ್ದು ಇದನ್ನೇ. ಕುಕ್ಕಿದಾಗ ಪ್ರತಿ ಸಲ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತಾಗ ಬೇಗ ಕುಕ್ಕುವುದನ್ನು ನಿಲ್ಲಿಸುತ್ತದೆ. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಹಕ್ಕಿ ಕುಕ್ಕುತ್ತಲೇ ಇರುತ್ತದೆ. ಹೊತ್ತುಗೊತ್ತಿಲ್ಲದ ಕರೆ ಇಡೀ ದಿನವನ್ನು ಕಾಯುವ ದಿನವನ್ನಾಗಿ ಮಾಡುತ್ತದೆ. ರಾತ್ರಿ ಒಂಬತ್ತಕ್ಕೆ, ಹತ್ತೇ ನಿಮಿಷವಾದರೂ ಸರಿ ಎಂದು ಮಗಳೊಂದಿಗೆ ಮಾತಾಯಿತು. ಅವಳೂ ನೆಮ್ಮದಿಯ ನಿಟ್ಟುಸಿರುಬಿಟ್ಟಳು. ಮಧ್ಯಾಹ್ನ ಲ್ಯಾಬಿನಲ್ಲಿದ್ದಾಗ ಅಮ್ಮನ ಕರೆ ತಪ್ಪಿಸಿದರೆ ಅವಳಿಗೂ ಕಸಿವಿಸಿಯಾಗುತ್ತಿತ್ತಂತೆ.

ಕ್ಯಾಲೆಂಡರಿನಿಂದ ಇನ್ನೊಂದು ಉಪಯೋಗವೂ ಆಯಿತು. ಇದನ್ನು ಕಂಡು ಹೆಂಡತಿಯ ಗೆಳತಿಯೊಬ್ಬರು ತಾವೂ ಗುರುತು ಹಾಕಿದರು. ಅವರ ಮಗನೂ ಆಗಷ್ಟೇ ಊರು ಬಿಟ್ಟಿದ್ದ. ಅವರ ಹಾಳೆಯಲ್ಲಿ ಗುಂಪುಗಳೇ ಇರಲಿಲ್ಲ, ಬೆಳಗಿನಿಂದ ರಾತ್ರಿಯವರೆಗೆ ಗುರುತೋ ಗುರುತು. ನಸುಕಿನ ನಾಲ್ಕಕ್ಕೇ ಎಚ್ಚರ, ಸದಾ ಸುಸ್ತು. ಮಗನ ಒಳ್ಳೆಯ ಸುದ್ದಿ ಬಂದರೂ ಮುಖ ಅರಳುತ್ತಿರಲಿಲ್ಲ. ದಿನದ ಬಹುಪಾಲು, ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರ ಹೀಗೆ ನಡೆದರೆ ವೈದ್ಯರು ಖಿನ್ನತೆಯನ್ನು ಶಂಕಿಸುತ್ತಾರೆ. ಮಕ್ಕಳು ಮನೆ ಬಿಡುವ ವಯಸ್ಸಿಗೇ ತಾಯಂದಿರಿಗೆ ಮುಟ್ಟು ನಿಲ್ಲುವ ಕಾಲವೂ ಬರುತ್ತದೆ, ಥೈರಾಯ್ಡ್ ತೊಂದರೆಯೂ ಅಪರೂಪವಲ್ಲ. ಅವರ ರಕ್ತಪರೀಕ್ಷೆಯಲ್ಲಿ ಸಿಕ್ಕಿದ್ದು ಥೈರಾಯ್ಡೇ. ಎಲ್ಲವನ್ನೂ ಮಗನ ತಲೆಗೆ ಕಟ್ಟಿದ್ದರೆ ಅದು ಅಲ್ಲೇ ಉಳಿಯುತ್ತಿತ್ತು. ವೈದ್ಯರ ಬಳಿ ಹೋಗಲು ಹಿಂಜರಿಯುವವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ದಸರೆಗೆ ಮಗಳು ಬಂದಳು. ಹತ್ತು ದಿನ ಗೇಟಿನ ಚಿಲಕ ಸದ್ದು ಮಾಡಿತು, ಹಳೆಯ ಪಾಠಕ್ಕೆ ನೀರೆರೆದಂತಾಯಿತು. ಅವಳು ಹೊರಟ ಸಂಜೆ ಇಬ್ಬರೂ ಜಗಲಿಯಲ್ಲಿ ಕುಳಿತು ಮಾತಿಲ್ಲದೆ ಕಾಫಿ ಕುಡಿದೆವು, ರಾತ್ರಿ ಮತ್ತೆ ಮೂರು ಮುದ್ದೆ ಬಂದಿತ್ತು. "ಗೊತ್ತಿತ್ತು ಬಿಡಿ" ಎಂದಳು ಹೆಂಡತಿ, ಮೂರನೆಯದನ್ನು ಮುಚ್ಚಿಡುತ್ತಾ. ಆಗಸ್ಟಿನಲ್ಲಿ ಮೂರು ವಾರ ತುಂಬಿದ್ದ ಗುರುತುಗಳು ಈ ಸಲ ಐದನೆಯ ದಿನಕ್ಕೆ ನಿಂತವು. ಆರನೆಯ ದಿನ ಅವಳು ಎಸರಿಗೆ ಇಡುವ ಪಾತ್ರೆಯನ್ನೇ ಚಿಕ್ಕದಕ್ಕೆ ಬದಲಾಯಿಸಿದಳು, ದೊಡ್ಡದನ್ನು ಅಟ್ಟಕ್ಕೆ ಹಾಕದೆ ಒಲೆಯ ಪಕ್ಕದಲ್ಲೇ ಬೋರಲು ಹಾಕಿ ಇಟ್ಟಳು.