ಮೊಹರಂ ದಿನ ಗೆಳೆಯನಿಗೆ ಏನಂತ ಬರೆಯಬೇಕು?

ಪ್ರಶ್ನೆ: ನಾನು ವಿಜಯಪುರದಲ್ಲಿ ಕೆಲಸ ಮಾಡುತ್ತೇನೆ. ಹೋದ ವರ್ಷ ಮುಸ್ಲಿಂ ಗೆಳೆಯರೊಬ್ಬರಿಗೆ ‘ಮೊಹರಂ ಹಬ್ಬದ ಹಾರ್ದಿಕ ಶುಭಾಶಯಗಳು’ ಎಂದು ವಾಟ್ಸಾಪ್ ಕಳಿಸಿದೆ. ಓದಿದರು, ಉತ್ತರ ಬರಲಿಲ್ಲ. ರಂಜಾನ್‌ಗೆ ಕಳಿಸಿದಾಗ ಖುಷಿಯಿಂದ ಮಾತಾಡಿದ್ದರು. ಎಲ್ಲಿ ತಪ್ಪಾಯಿತು?

ಉತ್ತರ: ತಪ್ಪಿದ್ದು ‘ಶುಭಾಶಯ’ ಎಂಬ ಒಂದೇ ಪದದಲ್ಲಿ. ಆ ಪದ ನಿಮ್ಮ ಬಾಯಿಗೆ ಬಂದಿದ್ದು ಸಹಜವೇ. ನಮ್ಮ ಕಡೆ ಹಳ್ಳಿಗಳಲ್ಲಿ ಮೊಹರಂ ಅಂದರೆ ಅಲಾಯಿ ಹಬ್ಬ. ಅಲಾಯಿ ಕುಣಿ ತೋಡುತ್ತಾರೆ, ಹೆಜ್ಜೆ ಹಾಕಿ ಕುಣಿಯುತ್ತಾರೆ, ಚೊಂಗೆ ಮಾಡುತ್ತಾರೆ. ಲಿಂಗಾಯತರು, ಕುರುಬರು ಎನ್ನದೆ ಊರಿಗೆ ಊರೇ ಸೇರುತ್ತದೆ. ಚಿಕ್ಕಂದಿನಿಂದ ಇದನ್ನೇ ನೋಡಿ ಬೆಳೆದವರಿಗೆ ಇದು ಸಂಭ್ರಮದ ದಿನ ಅನ್ನಿಸದೆ ಇನ್ನೇನು?

ನನಗೂ ಹಾಗೇ ಅನ್ನಿಸಿತ್ತು. ಹೈಸ್ಕೂಲಿನಲ್ಲಿದ್ದಾಗ ಗೆಳೆಯನ ಮನೆಗೆ ಹೋಗಿ ‘ಹಬ್ಬ ಜೋರಾ ಅಮ್ಮಾ?’ ಎಂದು ಕೇಳಿದ್ದೆ. ಅವನ ತಾಯಿ ಶರಬತ್ತಿನ ಲೋಟ ಕೈಗೆ ಕೊಟ್ಟು, ‘ಇವತ್ತ ನೀರಿಲ್ದ ಸಣ್ಣ ಮಕ್ಕಳು ಬಾಯಾರಿ ಒದ್ದಾಡಿದ ದಿನ ತಮ್ಮಾ, ಅದಕ್ಕ ನೀರು ಕೊಡ್ತೀವಿ’ ಎಂದರು. ಆ ಲೋಟ ಯಾಕೆ ಕೈಗೆ ಬಂತು ಎಂಬುದು ಅವತ್ತೇ ನನಗೆ ತಿಳಿದಿದ್ದು.

ಅವರು ಹೇಳಿದ್ದು ಕರ್ಬಲಾದ ಕಥೆ. ಮೊಹರಂ ಎಂಬುದು ಹಿಜರಿ ವರ್ಷದ ಮೊದಲ ತಿಂಗಳ ಹೆಸರು. ಅದರ 10ನೇ ದಿನ ಆಶೂರಾ. ಕ್ರಿ.ಶ. 680ರಲ್ಲಿ ಆ ದಿನ, ಈಗಿನ ಇರಾಕಿನ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೇನರನ್ನೂ ಅವರ ಜೊತೆಗಿದ್ದವರನ್ನೂ ಕೊಂದರು. ಅದಕ್ಕೂ ಮೊದಲು ನದಿಯ ನೀರು ಅವರಿಗೆ ಸಿಗದಂತೆ ತಡೆದಿದ್ದರು. ನಮ್ಮ ಕಡೆ ಹಾಡುವ ರಿವಾಯತ್ ಪದಗಳನ್ನು ಸ್ವಲ್ಪ ನಿಂತು ಕೇಳಿ. ಕುಣಿತದ ತಾಳ ಜೋರಾಗಿರುತ್ತದೆ, ಆದರೆ ಪದದ ಒಳಗೆ ಇರುವುದು ಹಸನ್ ಹುಸೇನರ ಸಾವಿನ ಗೋಳು.

ಹಾಗಾಗಿ ಅವತ್ತು ‘ಹ್ಯಾಪಿ ಮೊಹರಂ’ ಬೇಡ. ‘ಮೊಹರಂ ಮುಬಾರಕ್’ ಕೂಡ ಬೇಡ. ಮುಬಾರಕ್ ಅನ್ನುವುದು ಈದ್‌ಗೆ ಸರಿಹೊಂದುವ ಮಾತು. ಗುಡ್ ಫ್ರೈಡೇ ದಿನ ಕ್ರೈಸ್ತ ಗೆಳೆಯನಿಗೆ ಶುಭಾಶಯ ಹೇಳಿದರೂ ಇದೇ ಇರುಸುಮುರುಸು ಆಗುತ್ತದೆ.

ಇನ್ನು ಏನು ಬರೆಯುವುದು ಎಂಬುದು ಗೆಳೆಯ ಆ ದಿನವನ್ನು ಹೇಗೆ ಕಳೆಯುತ್ತಾನೆ ಎಂಬುದರ ಮೇಲೆ ನಿಂತಿದೆ. ಶಿಯಾ ಮನೆಯವರಾದರೆ ಅದು ಪೂರ್ತಿ ಶೋಕದ ದಿನ. ‘ಇಮಾಮ್ ಹುಸೇನರ ತ್ಯಾಗವನ್ನು ಇವತ್ತು ನಾನೂ ನೆನೆಯುತ್ತಿದ್ದೇನೆ’ ಎಂದರೆ ಸಾಕು. ಸುನ್ನಿಗಳಲ್ಲಿ ಹಲವರು 9 ಮತ್ತು 10ರಂದು ರೋಜಾ ಇರುತ್ತಾರೆ. ಪ್ರವಾದಿ ಮೂಸಾ ಮತ್ತು ಅವರ ಜನ ಈಜಿಪ್ಟಿನ ದೊರೆ ಫಿರೌನನಿಂದ ಪಾರಾದ ದಿನ ಎಂಬ ನೆನಪೂ ಆ ಉಪವಾಸಕ್ಕಿದೆ. ರೋಜಾ ಇರುವುದು ನಿಮಗೆ ಗೊತ್ತಿದ್ದರೆ ‘ನಿಮ್ಮ ರೋಜಾ ಕಬೂಲ್ ಆಗಲಿ’ ಎನ್ನಿ. ಯಾವುದೂ ಗೊತ್ತಿಲ್ಲವಾದರೆ ‘ಆಶೂರಾ ದಿನ ನಿಮ್ಮನ್ನೂ ಮನೆಯವರನ್ನೂ ನೆನೆದೆ’ ಎಂದು ಬರೆಯಿರಿ. ಇದು ಯಾರಿಗೂ ನೋವು ಮಾಡುವುದಿಲ್ಲ.

ಚಿತ್ರದ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಅಲಾಯಿಯಲ್ಲಿ ಕೂರಿಸುವ ಹಸ್ತದ ಆಕಾರದ ಪಂಜಾದ ಫೋಟೋ ಹಾಕಿ ‘ಅಲಾಯಿ ದೇವರ ಆಶೀರ್ವಾದ ಇರಲಿ’ ಎಂದು ಬರೆಯುವುದು ನಮ್ಮ ಊರಿನ ಮಾತಾಗಿ ತಪ್ಪಲ್ಲ. ಊರಲ್ಲಿ ಡೋಲಿ ಹೊರುವ ಮುಸ್ಲಿಮರೂ ಹಾಗೇ ಹೇಳುತ್ತಾರೆ. ಆದರೆ ಅಲ್ಲಾಹನ ಹೊರತು ಯಾರನ್ನೂ ದೇವರು ಎನ್ನಬಾರದು ಎಂದು ನಂಬುವವರಿಗೆ, ಅಲಾಯಿ ಕೂರಿಸುವುದನ್ನೇ ಒಪ್ಪದವರಿಗೆ ಆ ಫೋಟೋ ಮುಜುಗರ ತರುತ್ತದೆ. ಗೆಳೆಯ ತಾನೇ ಅಲಾಯಿಗೆ ಹೋಗುತ್ತಾನೆ ಎಂದು ಗೊತ್ತಿದ್ದರೆ ಮಾತ್ರ ಕಳಿಸಿ. ಇಲ್ಲವಾದರೆ ಚಿತ್ರವಿಲ್ಲದ ಎರಡು ಸಾಲೇ ಚೆಂದ.

ದಿನವನ್ನೂ ನೋಡಿಕೊಳ್ಳಿ. ಆಶೂರಾ 2024ರಲ್ಲಿ ಜುಲೈ 17ಕ್ಕೆ, 2025ರಲ್ಲಿ ಜುಲೈ 6ಕ್ಕೆ ಬಂತು. ಚಾಂದ್ರ ವರ್ಷ ನಮ್ಮ ಕ್ಯಾಲೆಂಡರಿಗಿಂತ 10–11 ದಿನ ಚಿಕ್ಕದು, ಹಾಗಾಗಿ ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತದೆ. ಚಂದ್ರ ಕಂಡ ಮೇಲೆ ಒಂದು ದಿನ ಆಚೀಚೆಯೂ ಆಗಬಹುದು. ಸರ್ಕಾರಿ ರಜೆ ಪಟ್ಟಿಯಲ್ಲಿ ‘ಮೊಹರಂ ಕಡೇ ದಿನ’ ಎಂದು ಇರುವುದು ಇದೇ ದಿನ.

ನೀವು ಹೋದ ವರ್ಷ ಕಳಿಸಿದ್ದರ ಬಗ್ಗೆ ಸುಮ್ನೆ ಕೊರಗಬೇಡಿ. ಮುಂದಿನ ಸಲ ಸಿಕ್ಕಾಗ, ‘ಭಾಯಿ, ಮೊಹರಂಗೆ ಶುಭಾಶಯ ಹೇಳಿಬಿಟ್ಟಿದ್ದೆ, ಅದು ದುಃಖದ ದಿನ ಅಂತ ಆಗ ಗೊತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಆ ದಿನ ಹೇಗಿರುತ್ತದೆ?’ ಎಂದು ಕೇಳಿ. ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಮುಂದಿನ ವರ್ಷ ಏನು ಬರೆಯಬೇಕು ಎಂಬುದು ಅವರ ಮಾತಿನಲ್ಲೇ ಸಿಗುತ್ತದೆ.