ಚಿರೆಕಲ್ಲಿನ ಗೋಡೆ, ಎರಡು ಲೆನ್ಸು

ಶಿರಸಿ ಕಡೆಯಲ್ಲಿ ಮದುವೆ ಫೋಟೋ ತೆಗೆಯುವ ಹುಡುಗನೊಬ್ಬ ಕಾರವಾರಕ್ಕೆ ನನ್ನ ಹತ್ತಿರ ಬಂದಿದ್ದ. ಚೀಲದಲ್ಲಿ ಎರಡು 50 ಎಂಎಂ ಲೆನ್ಸು. ಒಂದು ಹಳೆಯ ಎಫ್ 1.8, ಇನ್ನೊಂದು ಈಗಷ್ಟೇ ಕೊಂಡ ಎಫ್ 1.4. ಎಫ್ ಅಂಕಿ ಸಣ್ಣದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು. ಎರಡರಲ್ಲೂ ಮನೆ ಎದುರಿನ ರಸ್ತೆಯ ಫೋಟೋ ತೆಗೆದು ಲ್ಯಾಪ್‌ಟಾಪಿನಲ್ಲಿ ಅಕ್ಕಪಕ್ಕ ಇಟ್ಟಿದ್ದ. "ಅಣ್ಣಾ, ಹೊಸದರ ಎಡಗಡೆ ನೋಡಿ, ಪೂರ್ತಿ ಮಬ್ಬು. ವಾಪಸ್ ಕೊಟ್ಟುಬಿಡ್ಲಾ?"

ರಸ್ತೆಯ ಫೋಟೋ ನೋಡಿ ಅದನ್ನು ಹೇಳಲಿಕ್ಕೆ ಬರುವುದಿಲ್ಲ. ಎಡಗಡೆಯ ಮರ ಹತ್ತಿರ, ಬಲಗಡೆಯ ಅಂಗಡಿ ದೂರ. ಮರ ಫೋಕಸ್‌ನಿಂದ ಹೊರಗಿದ್ದರೆ ಲೆನ್ಸಿನ ತಪ್ಪಲ್ಲ. ಬೇಕಾದದ್ದು ಚಪ್ಪಟೆ ಗೋಡೆ. ನಮ್ಮ ಕರಾವಳಿಯಲ್ಲಿ ಅದಕ್ಕೆ ಬರವಿಲ್ಲ; ಗಿಲಾವು ಮಾಡದ ಚಿರೆಕಲ್ಲಿನ ಕಾಂಪೌಂಡ್ ಇದ್ದರೆ ಲೆನ್ಸ್ ಪರೀಕ್ಷೆಗೆ ಬೇರೆ ಚಾರ್ಟ್ ಬೇಡ. ಕಲ್ಲಿನ ತುಂಬಾ ಸಣ್ಣ ಸಣ್ಣ ತೂತು, ಈ ಮೂಲೆಯಿಂದ ಆ ಮೂಲೆಯವರೆಗೂ ಒಂದೇ ಥರ.

ಅವನದು ಫುಲ್ ಫ್ರೇಮ್ ಕ್ಯಾಮರಾ. ಗೋಡೆಯಿಂದ 3 ಮೀಟರ್ ದೂರದಲ್ಲಿ ಟ್ರೈಪಾಡ್ ಇಟ್ಟರೆ 2 ಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲದ ಗೋಡೆ ಸಿಗುತ್ತದೆ. ನಾಲ್ಕು ಮೂಲೆಗೆ ಸೀಮೆಸುಣ್ಣದಲ್ಲಿ ಕ, ಖ, ಗ, ಘ ಬರೆದೆ. ಆಮೇಲೆ ಯಾವ ಮೂಲೆ ಯಾವುದು ಅಂತ ಜಗಳ ಬೇಡವಲ್ಲ. ಐಎಸ್ಒ 100, 2 ಸೆಕೆಂಡಿನ ಟೈಮರ್, ಸ್ಟೆಬಿಲೈಸೇಶನ್ ಆಫ್. ನಡುವಿನ ಕಲ್ಲನ್ನು ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ಕೈಯಲ್ಲೇ ಫೋಕಸ್. ಎರಡೂ ಲೆನ್ಸಿಗೆ ಎಫ್ 2ರಿಂದಲೇ ಶುರು.

ಎಡಗಡೆ ಮಬ್ಬು ಬಂತು. ಹಳೆ ಲೆನ್ಸ್ ಹಾಕಿದರೂ ಎಡಗಡೆಯೇ ಮಬ್ಬು! ಹುಡುಗ ನನ್ನ ಮುಖ ನೋಡಿದ.

ಗೋಡೆಯ ನಡುವೆ, ಫ್ರೇಮಿನ ಸರಿಯಾದ ಮಧ್ಯದಲ್ಲಿ, ಒಂದು ಚಿಕ್ಕ ಕನ್ನಡಿಯನ್ನು ಒತ್ತಿ ಹಿಡಿಯಲು ಹೇಳಿದೆ. ಕ್ಯಾಮರಾ ಗೋಡೆಗೆ ನೇರವಾಗಿದ್ದರೆ ಲೆನ್ಸಿನ ಪ್ರತಿಬಿಂಬ ಸ್ಕ್ರೀನಿನ ಮಧ್ಯದಲ್ಲೇ ಕಾಣಬೇಕು. ನಮ್ಮದು ಪಕ್ಕಕ್ಕೆ ಸರಿದಿತ್ತು. ಕ್ಯಾಮರಾ 3 ಡಿಗ್ರಿ ತಿರುಗಿದರೂ ಸಾಕು, ಗೋಡೆಯ ಒಂದು ಅಂಚು 5-6 ಸೆಂಟಿಮೀಟರ್ ಹತ್ತಿರ, ಇನ್ನೊಂದು ಅಷ್ಟೇ ದೂರ ಆಗುತ್ತದೆ. ಫೋಕಸ್ ಒಂದು ಕೂದಲಷ್ಟು ಈಚೆ ಬಿದ್ದರೆ ದೂರದ ಅಂಚು ಮಾತ್ರ ಹಾಳು. ಎಫ್ 2ರಲ್ಲಿ ನೂರಕ್ಕೆ ನೂರು ಹಿಗ್ಗಿಸಿ ನೋಡಿದರೆ ಅದು ಎದ್ದು ಕಾಣುತ್ತದೆ.

ಟ್ರೈಪಾಡ್ ಸರಿಮಾಡಿ ಮತ್ತೆ ತೆಗೆದೆವು. ಹೊಸ ಲೆನ್ಸಿನ ನಾಲ್ಕೂ ಮೂಲೆ ಈಗ ಒಂದೇ ಸಮ, ಸ್ವಲ್ಪ ಮೆತ್ತಗೆ. ಎಫ್ 4ಕ್ಕೆ ಹೋದರೆ ಸ್ಪಷ್ಟ. ಕನ್ನಡಿ ಇಟ್ಟ ಮೇಲೂ ಒಂದೇ ಮೂಲೆ ಕೆಟ್ಟಿದ್ದರೆ ಕ್ಯಾಮರಾವನ್ನು ತಲೆಕೆಳಗಾಗಿ ಕಟ್ಟಿ ಇನ್ನೊಂದು ತೆಗೆಯುತ್ತಿದ್ದೆ. ಮಬ್ಬು ಗೋಡೆಯ ಎದುರು ಮೂಲೆಗೆ ಹಾರಿದರೆ ಒಳಗಿನ ಗಾಜು ಓರೆಯಾಗಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ. ಅಂಥದ್ದನ್ನು ವಾಪಸ್ ಕೊಡಬೇಕು.

ಇನ್ನೊಂದು ನೋಡಿದೆ. ಎಫ್ 2ರಲ್ಲೇ, ನಡುವಿನ ಬದಲು 'ಘ' ಮೂಲೆಗೇ ಫೋಕಸ್ ಮಾಡಿದೆ. ಮೂಲೆ ಚೂಪಾಯಿತು, ನಡು ಮೆತ್ತಗಾಯಿತು. ಅಂದರೆ ಈ ಲೆನ್ಸ್ ಮೂಲೆಯನ್ನೂ ಸ್ಪಷ್ಟವಾಗಿ ತೋರಿಸಬಲ್ಲದು, ಆದರೆ ಅದರ ಫೋಕಸ್ ಬೀಳುವ ಪದರ ಚಪ್ಪಟೆಯಲ್ಲ, ಬಟ್ಟಲಿನ ಹಾಗೆ ಬಾಗಿದೆ. ಮಂಟಪದಲ್ಲಿ ಸಾಲಾಗಿ ನಿಂತ ನೆಂಟರನ್ನು ಎಫ್ 2ರಲ್ಲಿ ತೆಗೆಯುವವನಿಗೆ ಇದು ತೊಂದರೆ. ಎಫ್ 5.6ರಲ್ಲಿ ತೆಗೆಯುವವನಿಗೆ ಗೊತ್ತೇ ಆಗುವುದಿಲ್ಲ.

ಲೆನ್ಸು ನೇರ ಗೆರೆಯನ್ನು ಎಷ್ಟು ಬಾಗಿಸುತ್ತದೆ ಎಂದು ನೋಡಲು ಚಿರೆಕಲ್ಲಿನ ಸಾಲು ನಂಬಬೇಡಿ, ಹಳೆ ಗೋಡೆಯಲ್ಲಿ ಅದೇ ಡೊಂಕಿರುತ್ತದೆ. ಫ್ರೇಮಿನ ಮೇಲಂಚಿನ ಹತ್ತಿರ ಗಾರೆಯವರ ನೂಲು ಬಿಗಿದು ಕಟ್ಟಿದೆ. ಹುಡುಗನ ಲ್ಯಾಪ್‌ಟಾಪಿನಲ್ಲಿ ಹೊಸ ಲೆನ್ಸಿನ ನೂಲು ನೇರ! ಸಾಫ್ಟ್‌ವೇರ್ ಹೇಳದೆ ಕೇಳದೆ ತಿದ್ದಿತ್ತು. ಲೆನ್ಸ್ ಕರೆಕ್ಷನ್ ಆಫ್ ಮಾಡಿದಾಗ ನೂಲಿನ ಎರಡು ತುದಿ ನಡುವಿಗಿಂತ ಸುಮಾರು 40 ಪಿಕ್ಸೆಲ್ ಕೆಳಗೆ. ಚಿತ್ರದ ಎತ್ತರ 4000 ಪಿಕ್ಸೆಲ್, ಅಂದರೆ ಶೇಕಡಾ 1. ತಿದ್ದುವಾಗ ಮೂಲೆಗಳನ್ನು ಹೊರಗೆ ಎಳೆಯುತ್ತಾರೆ, ಎಳೆದಷ್ಟೂ ವಿವರ ತೆಳುವಾಗುತ್ತದೆ. ಹಾಗಾಗಿ ಒಂದನ್ನು ತಿದ್ದಿ ಇನ್ನೊಂದನ್ನು ತಿದ್ದದೆ ಮೂಲೆ ಹೋಲಿಸಿದರೆ ಅನ್ಯಾಯ.

ಹಿನ್ನೆಲೆಯ ಮಬ್ಬನ್ನು ಅವನ ತೋಟದಲ್ಲೇ ನೋಡು ಎಂದೆ. ಅಡಿಕೆ ಸೋಗೆಗಳ ಸಂದಿಯಲ್ಲಿ ಇಣುಕುವ ಆಕಾಶಕ್ಕಿಂತ ಕಠಿಣ ಪರೀಕ್ಷೆ ನನಗೆ ಗೊತ್ತಿಲ್ಲ. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಒಂದೇ ಎಲೆಗೆ ಫೋಕಸ್, ಒಂದೇ ಜಾಗ, ಎರಡಕ್ಕೂ ಎಫ್ 2. ಒಂದನ್ನು 1.4ರಲ್ಲಿ, ಇನ್ನೊಂದನ್ನು 1.8ರಲ್ಲಿ ತೆಗೆದು "ಇದರ ಬ್ಲರ್ ಜಾಸ್ತಿ" ಅನ್ನುವುದು ಸುಮ್ನೆ. 50ನ್ನು 1.4ರಿಂದ ಭಾಗಿಸಿದರೆ 36 ಎಂಎಂ ಬಾಯಿ, 1.8ರಿಂದ ಭಾಗಿಸಿದರೆ 28. ದೊಡ್ಡ ಬಾಯಿಗೆ ದೊಡ್ಡ ಮಬ್ಬು, ಅಷ್ಟೇ. ಒಂದೇ ಅಪರ್ಚರ್ ಇಟ್ಟ ಮೇಲೆ ಉಳಿಯುವುದು ಮಬ್ಬಿನ ಗುಣ.

ಎರಡು ದಿನ ಬಿಟ್ಟು ಫೋಟೋ ಕಳಿಸಿದ. ಹೊಸದರಲ್ಲಿ ಬೆಳಕಿನ ಬಿಲ್ಲೆಗಳಿಗೆ ಹೊಳೆಯುವ ಅಂಚು, ಬಳೆ ಇಟ್ಟ ಹಾಗೆ. ಅದರಿಂದಲೇ ಪ್ರತಿ ಸೋಗೆಯೂ ಎರಡೆರಡಾಗಿ ಕಾಣುತ್ತಿತ್ತು. ಹಳೆಯದರ ಬಿಲ್ಲೆಗಳು ಅಂಚಿನಲ್ಲಿ ಕರಗಿದ್ದವು, ಮೂಲೆಯಲ್ಲಿ ಮಾತ್ರ ಬೆಕ್ಕಿನ ಕಣ್ಣಿನಂತೆ ಚಪ್ಪಟೆ. ಹೊಸದನ್ನು ಅವನು ವಾಪಸ್ ಕೊಡಲಿಲ್ಲ, ಕತ್ತಲೆಯ ಛತ್ರಕ್ಕೆ ಇಟ್ಟುಕೊಂಡಿದ್ದಾನೆ. ತೋಟದಲ್ಲಿ ಮದುಮಕ್ಕಳನ್ನು ನಿಲ್ಲಿಸಿದಾಗ ಹಳೆಯದೇ ಹೊರಗೆ ಬರುತ್ತದಂತೆ.