ಒಂದು ಕೆಟ್ಟ ಆಟ ಇಡೀ ವಿಡಿಯೋ ಗೇಮ್ ಮಾರುಕಟ್ಟೆಯನ್ನೇ ಮುಳುಗಿಸಿತಾ?

ಪ್ರಶ್ನೆ: 1983ರಲ್ಲಿ ಅಮೆರಿಕದ ವಿಡಿಯೋ ಗೇಮ್ ವ್ಯಾಪಾರ ಕುಸಿದು ಬಿದ್ದದ್ದು ಅಟಾರಿ ಕಂಪನಿ ಸಿನಿಮಾ ಆಧರಿಸಿ ಮಾಡಿದ ‘ಇ.ಟಿ.’ ಆಟದಿಂದ, ಅದರ ಕ್ಯಾಸೆಟ್‌ಗಳನ್ನು ಮರುಭೂಮಿಯಲ್ಲಿ ಹೂತುಹಾಕಿದರು ಅಂತ ಎಲ್ಲೆಡೆ ಓದುತ್ತೇವೆ. ಇದು ನಿಜಾನಾ?

ಹೂತದ್ದು ನಿಜ. 1983ರ ಸೆಪ್ಟೆಂಬರ್‌ನಲ್ಲಿ ನ್ಯೂ ಮೆಕ್ಸಿಕೋದ ಅಲಮೊಗೋರ್ಡೊ ಊರಿನ ಕಸದ ಗುಂಡಿಗೆ ಸುರಿದರು, 2014ರಲ್ಲಿ ಅಗೆದಾಗ ಸಿಕ್ಕವು ಕೂಡ. ಆದರೆ ಸಿಕ್ಕವುಗಳಲ್ಲಿ ‘ಇ.ಟಿ.’ ಒಂದೇ ಇರಲಿಲ್ಲ, ಚೆನ್ನಾಗಿ ಮಾರಾಟವಾಗಿದ್ದ ಆಟಗಳೂ ಇದ್ದವು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ಒಳ್ಳೆಯ ಆಟವೂ ಗುಂಡಿಗೆ ಹೋಗಬೇಕಾದರೆ ತೊಂದರೆ ಬೇರೆಲ್ಲೋ ಇತ್ತು ಅಲ್ವಾ?

ಎರಡು ವರ್ಷ ಹಿಂದಕ್ಕೆ ಹೋಗೋಣ. 1981ರಲ್ಲಿ, ಮನೆಯ ಟಿವಿಗೆ ಜೋಡಿಸಿ ಆಡುವ ಅಟಾರಿ 2600 ಯಂತ್ರಕ್ಕೆ ಎಷ್ಟು ಬೇಡಿಕೆ ಇತ್ತೆಂದರೆ, ವಿತರಕರು ಕೇಳಿದಷ್ಟು ಕ್ಯಾಸೆಟ್ ಸಿಗುತ್ತಿರಲಿಲ್ಲ. ನೂರು ಕೇಳಿದವನಿಗೆ ಒಂದಿಷ್ಟು ಕೊಟ್ಟು ಕಳಿಸುತ್ತಿದ್ದರು. ಆ ವರ್ಷದ ಅಕ್ಟೋಬರ್‌ನಲ್ಲಿ ಅಟಾರಿ, 1982ಕ್ಕೆ ಇಡೀ ವರ್ಷದ ಆರ್ಡರ್ ಈಗಲೇ ಕೊಡಿ ಎಂದಿತು. ವಿತರಕರು ಏನು ಮಾಡಿರಬಹುದು? ಹೇಗೂ ಅರ್ಧಂಬರ್ಧ ಕೊಡುತ್ತಾರೆ, ಜಾಸ್ತಿಯೇ ಬರೆದುಬಿಡೋಣ ಅಂದುಕೊಂಡರು. ಮದುವೆ ಸೀಸನ್‌ನಲ್ಲಿ ನಾಲ್ಕು ಮಾರು ಹೂವು ಬೇಕಿದ್ದವರು ಎಂಟು ಮಾರು ಹೇಳಿಡುತ್ತಾರಲ್ಲ, ಹಾಗೆ. ಕಾಗದದ ಮೇಲಿನ ಆ ಬೇಡಿಕೆಯನ್ನು ಅಟಾರಿ ನಿಜವೆಂದೇ ನಂಬಿ ಕಾರ್ಖಾನೆ ಓಡಿಸಿತು. ಈ ಸಲ ಕೇಳಿದಷ್ಟೂ ಸಿಗುವಂತಾಯಿತು. ಆಗ ವಿತರಕರು ಆರ್ಡರ್ ರದ್ದು ಮಾಡತೊಡಗಿದರು.

ಇದೇ ಹೊತ್ತಿಗೆ ಬೇರೆಯವರ ಆಟಗಳೂ ಅಂಗಡಿಗೆ ನುಗ್ಗಿದವು. 2600 ಯಂತ್ರಕ್ಕೆ ಬೀಗವೇ ಇರಲಿಲ್ಲ. ಅದು ಹೇಗೆ ಕೆಲಸ ಮಾಡುತ್ತದೆಂದು ಗೊತ್ತಿದ್ದರೆ ಯಾರು ಬೇಕಾದರೂ ಕ್ಯಾಸೆಟ್ ಮಾಡಿ ಮಾರಬಹುದಿತ್ತು. ಅಟಾರಿ ಬಿಟ್ಟುಬಂದ ಪ್ರೋಗ್ರಾಮರ್‌ಗಳು 1979ರಲ್ಲಿ ಆಕ್ಟಿವಿಷನ್ ಕಟ್ಟಿ ಅದನ್ನೇ ಮಾಡಿದರು. ಅಟಾರಿ ಕೋರ್ಟಿಗೆ ಹೋಯಿತು, 1982ರಲ್ಲಿ ರಾಜಿಯಾಯಿತು. ಆಕ್ಟಿವಿಷನ್ ರಾಯಲ್ಟಿ ಕೊಟ್ಟು ಆಟ ಮಾಡಬಹುದು ಎಂದಾಯಿತು. ದಾರಿ ತೆರೆದದ್ದೇ ತಡ, ಓಟ್ಸ್ ಮಾರುವ ಕ್ವೇಕರ್ ಕಂಪನಿಯೂ ಒಂದು ಗೇಮ್ ವಿಭಾಗ ಇಟ್ಟುಕೊಂಡಿತು. ನಾಯಿ ತಿಂಡಿಯ ಜಾಹೀರಾತಿಗೆಂದೇ ಒಂದು ಆಟ ಬಂತು, ತಮಾಷೆಯಲ್ಲ. ಆಕ್ಟಿವಿಷನ್ ಆಟಗಳು ನಿಜಕ್ಕೂ ಚೆನ್ನಾಗಿದ್ದವು. ಹಿಂದೆ ಬಂದವರಲ್ಲಿ ಅನೇಕರಿಗೆ ಆ ಕೈಚಳಕ ಇರಲಿಲ್ಲ.

ಅಟಾರಿಯೇನು ಕಡಿಮೆಯಿರಲಿಲ್ಲ. 1982ರ ಮಾರ್ಚ್‌ನಲ್ಲಿ ಬಂದ ‘ಪ್ಯಾಕ್-ಮ್ಯಾನ್’ ಸುಮಾರು 70 ಲಕ್ಷ ಮಾರಾಟವಾಯಿತು. ಆದರೆ ಕಾಸು ಹಾಕಿ ಆಡುವ ಆರ್ಕೇಡಿನಲ್ಲಿ ಕಂಡ ಆಟ ಅದಾಗಿರಲಿಲ್ಲ, ದೆವ್ವಗಳು ಮಿಣುಕು ಮಿಣುಕು ಎನ್ನುತ್ತಿದ್ದವು. ‘ಇ.ಟಿ.’ಯದು ಇನ್ನೂ ದೊಡ್ಡ ಅವಸರ. ಕ್ರಿಸ್‌ಮಸ್‌ಗೆ ಅಂಗಡಿಯಲ್ಲಿರಬೇಕೆಂದು ಹೊವರ್ಡ್ ಸ್ಕಾಟ್ ವಾರ್ಶಾ ಎಂಬ ಪ್ರೋಗ್ರಾಮರ್‌ಗೆ ಕೊಟ್ಟದ್ದು ಐದು ವಾರ ಚಿಲ್ಲರೆ. ಸಾಮಾನ್ಯವಾಗಿ ಒಂದು ಆಟಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ನನ್ನ ಮಟ್ಟಿಗೆ ಆ ಮನುಷ್ಯನನ್ನು ದೂರುವುದು ಅನ್ಯಾಯ. ತಪ್ಪು ಮಾಡಿದ್ದು ಸುಮಾರು 40 ಲಕ್ಷ ಪ್ರತಿ ಮಾಡಿಸಿದವರು.

ಈಗ ಅಂಗಡಿಯವನ ಜಾಗದಲ್ಲಿ ನಿಂತು ನೋಡಿ. ನೀವು ಒಂದು ಸಣ್ಣ ಕಂಪನಿಯ ಆಟವನ್ನು ಸುಮಾರು 35 ಡಾಲರ್‌ಗೆ ಮಾರಲು ತರಿಸಿದ್ದೀರಿ. ಮಾರಾಟವಾಗದಿದ್ದರೆ ವಾಪಸ್ ಕೊಡಬಹುದು, ಅದು ವ್ಯಾಪಾರದ ರೂಢಿ. ಕ್ರಿಸ್‌ಮಸ್ ಕಳೆಯಿತು, ಪೆಟ್ಟಿಗೆಗಳು ಹಾಗೇ ಇವೆ. ಕಂಪನಿಗೆ ಫೋನ್ ಮಾಡಿದರೆ ಹಿಂದಿರುಗಿಸಲು ಅವರ ಹತ್ತಿರ ಹಣವಿಲ್ಲ, ಬದಲಿಗೆ ಕೊಡಲು ಹೊಸ ಆಟವೂ ಇಲ್ಲ. ಸ್ವಲ್ಪ ದಿನಕ್ಕೆ ಕಂಪನಿಯೇ ಇಲ್ಲ. ನೀವೇನು ಮಾಡುತ್ತೀರಿ? ಬುಟ್ಟಿಗೆ ಸುರಿದು 5 ಡಾಲರ್ ಚೀಟಿ ಅಂಟಿಸುತ್ತೀರಿ.

ಅಸಲಿ ಪೆಟ್ಟು ಬಿದ್ದದ್ದು ಇಲ್ಲಿ. ಮಗನ ಜೊತೆ ಬಂದ ಅಪ್ಪನಿಗೆ ಯಾವ ಆಟ ಚೆನ್ನಾಗಿದೆ ಅಂತ ಗೊತ್ತಿಲ್ಲ, ಡಬ್ಬಿಯ ಮೇಲಿನ ಚಿತ್ರವೆಲ್ಲ ಒಂದೇ ಥರ. ಒಂದು 35 ಡಾಲರ್, ಏಳು ಸೇರಿ 35 ಡಾಲರ್. ಅವನು ಬುಟ್ಟಿಗೇ ಕೈ ಹಾಕುತ್ತಾನೆ. ಹಾಗಾಗಿ ಒಳ್ಳೆಯ ಆಟ ಮಾಡಿದವನೂ ಬೆಲೆ ಇಳಿಸಬೇಕಾಯಿತು, ಇಲ್ಲವೇ ಮಾಲು ಕೊಳೆಯಿತು. ಮೇಲಾಗಿ ಕೊಮೊಡೋರ್ 64ರಂಥ ಕಂಪ್ಯೂಟರ್ ಕೂಡ ಅಗ್ಗವಾಗುತ್ತಿತ್ತು. ಆಟಕ್ಕೂ ಆಯಿತು, ಓದಿಗೂ ಆಯಿತು.

1982ರ ಡಿಸೆಂಬರ್ 7ರಂದು ಅಟಾರಿಯ ಮಾಲೀಕ ಕಂಪನಿ ವಾರ್ನರ್, ಲಾಭ ಅಂದುಕೊಂಡಷ್ಟು ಹೆಚ್ಚುವುದಿಲ್ಲ ಎಂದಾಗ ಅದರ ಷೇರು ಮರುದಿನವೇ ಸುಮಾರು ಮೂರನೇ ಒಂದು ಭಾಗ ಇಳಿಯಿತು. ಗಮನಿಸಿ, ‘ಇ.ಟಿ.’ ಆಗಷ್ಟೇ ಅಂಗಡಿಗೆ ಬರುತ್ತಿತ್ತು. ಕಾಯಿಲೆ ಅದಕ್ಕೂ ಮೊದಲೇ ಒಳಗಿತ್ತು. 1983ರಲ್ಲಿ ಅಟಾರಿ 50 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ಮಾಡಿಕೊಂಡಿತು.

ಇದು ಮುಖ್ಯವಾಗಿ ಉತ್ತರ ಅಮೆರಿಕದ ಕಥೆ. ಅದೇ 1983ರ ಜುಲೈನಲ್ಲಿ ನಿಂಟೆಂಡೊ ಕಂಪನಿ ಜಪಾನಿನಲ್ಲಿ ಫ್ಯಾಮಿಕಾಮ್ ಎಂಬ ಗೇಮ್ ಯಂತ್ರ ಬಿಡುಗಡೆ ಮಾಡಿ ಗೆದ್ದಿತು. 1985ರಲ್ಲಿ ಅದನ್ನು ಬೇರೆ ಹೆಸರಿನಲ್ಲಿ ನ್ಯೂಯಾರ್ಕಿಗೆ ತಂದಾಗ ಯಂತ್ರದೊಳಗೆ ಬೀಗದ ಚಿಪ್ ಇಟ್ಟಿತ್ತು. ಆದರೂ ಕೈಸುಟ್ಟುಕೊಂಡ ಅಂಗಡಿಯವರು ಒಪ್ಪಬೇಕಲ್ಲ? ಮಾಲು ನಾವೇ ತಂದು ಜೋಡಿಸುತ್ತೇವೆ, ಈಗ ದುಡ್ಡು ಬೇಡ, 90 ದಿನದ ನಂತರ ಮಾರಾಟವಾದಷ್ಟಕ್ಕೆ ಕೊಡಿ, ಉಳಿದದ್ದು ನಾವೇ ಹೊತ್ತುಕೊಂಡು ಹೋಗುತ್ತೇವೆ ಎಂದು ನಿಂಟೆಂಡೊ ಮಾತು ಕೊಟ್ಟ ಮೇಲೆಯೇ ಅವರು ಮತ್ತೆ ಕಪಾಟಿನಲ್ಲಿ ಜಾಗ ಕೊಟ್ಟದ್ದು.